ಕಾಸರಗೋಡಿನಿಂದ ಬೆಂಗಳೂರಿಗೆ ಎಲೆಕ್ಟ್ರಿಕ್ ಕಾರಿನಲ್ಲಿ: ಘಾಟಿ, ಹೆದ್ದಾರಿ ಮತ್ತು ಚಾರ್ಜಿಂಗಿನ ಲೆಕ್ಕ

ಕಾಸರಗೋಡಿನಿಂದ ಬೆಂಗಳೂರಿಗೆ ಹೊರಡುವವರು ಒಂದೋ ಮಂಗಳೂರಿಗೆ ಹೋಗಿ ಶಿರಾಡಿ ಘಾಟಿ ಹತ್ತುತ್ತಾರೆ, ಇಲ್ಲವೇ ಚೆರ್ಕಳದಲ್ಲಿ ತಿರುಗಿ ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿಯಲ್ಲಿ ಮಡಿಕೇರಿ ಸೇರಿ ಮೈಸೂರಿನ ದಾರಿ ಹಿಡಿಯುತ್ತಾರೆ. ಈ ಬರಹಕ್ಕೆ ನಾನು ಎರಡನೆಯ ದಾರಿಯನ್ನು ಆರಿಸಿಕೊಂಡಿದ್ದೇನೆ. ಅದರಲ್ಲಿ ಅಂಕುಡೊಂಕಿನ ಊರ ರಸ್ತೆ ಇದೆ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಕ್ಕೆ ಏರುವ ಘಾಟಿ ಇದೆ, ಕೊನೆಗೆ ಮೈಸೂರು–ಬೆಂಗಳೂರು ನಡುವೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಬಹುದಾದ ಹೆದ್ದಾರಿಯೂ ಇದೆ. ಈ ಮೂರೂ ಕಾರಿನ ಬ್ಯಾಟರಿಯನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಖಾಲಿ ಮಾಡುತ್ತವೆ. ಈ ದಾರಿಯ ಲೆಕ್ಕ ಹಾಕಲು ಬಂದವರಿಗೆ ಬೇರೆ ಯಾವ ದಾರಿಯ ಲೆಕ್ಕವೂ ಕಷ್ಟವಾಗುವುದಿಲ್ಲ.

ಒಟ್ಟು ದೂರ ಸುಮಾರು 375 ಕಿ.ಮೀ. ಕಾರಿನ ಕೈಪಿಡಿಯಲ್ಲಿ 450 ಕಿ.ಮೀ. ರೇಂಜ್ ಎಂದು ಬರೆದಿದೆ ಎಂದುಕೊಳ್ಳೋಣ. ಹಾಗಿದ್ದರೆ ನಡುವೆ ನಿಲ್ಲುವುದೇಕೆ ಎಂದು ಮನೆಯವರು ಕೇಳುವುದು ನ್ಯಾಯವೇ. ಉತ್ತರ ಆ 450ನ್ನು ಅಳೆದ ರೀತಿಯಲ್ಲಿದೆ.

ಕೈಪಿಡಿಯ ಅಂಕಿಯನ್ನು ಬದಿಗಿಡಿ

ನಮ್ಮ ದೇಶದಲ್ಲಿ ಕಾರುಗಳ ರೇಂಜನ್ನು ಎಂಐಡಿಸಿ ಎಂಬ ಪರೀಕ್ಷಾ ಕ್ರಮದಲ್ಲಿ ಅಳೆಯುತ್ತಾರೆ. ಕಾರನ್ನು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿಯಾದ ಕ್ರಮದಲ್ಲಿ ವೇಗ ಏರಿಸುತ್ತ ಇಳಿಸುತ್ತ ಓಡಿಸುತ್ತಾರೆ. ಆ ಪರೀಕ್ಷೆಯ ಗರಿಷ್ಠ ವೇಗವೇ ಗಂಟೆಗೆ 90 ಕಿ.ಮೀ., ಅದೂ ಸ್ವಲ್ಪ ಹೊತ್ತು ಮಾತ್ರ. ಉಳಿದಂತೆ ಪೇಟೆಯ ಓಡಾಟದ ನಿಧಾನಗತಿ. ಎ.ಸಿ. ಇಲ್ಲ, ಏರು ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಇಲ್ಲ. ಎರಡು ಕಾರುಗಳನ್ನು ಹೋಲಿಸಿ ನೋಡಲು ಆ ಅಂಕಿ ಸಾಕು. ಪ್ರಯಾಣದ ಯೋಜನೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಅದರ ಬದಲು ಎರಡು ಸಂಖ್ಯೆಗಳು ಬೇಕು. ಮೊದಲನೆಯದು, ನಿಮ್ಮ ಬ್ಯಾಟರಿಯಲ್ಲಿ ನಿಜವಾಗಿ ಬಳಸಲು ಸಿಗುವುದು ಎಷ್ಟು ಯೂನಿಟ್. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ಕಾರಿನ ಪರದೆಯಲ್ಲಿ kWh ಎಂದು ಕಾಣುತ್ತದೆ. ಎರಡನೆಯದು, ನೂರು ಕಿ.ಮೀ. ಓಡಲು ನಿಮ್ಮ ಕಾರಿಗೆ ಎಷ್ಟು ಯೂನಿಟ್ ಬೇಕು. ಈ ಎರಡನೆಯದು ಒಂದೇ ಸಂಖ್ಯೆಯಲ್ಲ, ವೇಗಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬಲ್ಲೇ ಇಡೀ ವಿಷಯ ಅಡಗಿದೆ.

ಮುಂದಿನ ಲೆಕ್ಕಕ್ಕೆಲ್ಲ ನಾನು ಒಂದು ಸಣ್ಣ ಎಸ್‌ಯುವಿಯನ್ನು ಇಟ್ಟುಕೊಳ್ಳುತ್ತೇನೆ: ಬಳಸಲು ಸಿಗುವ ಬ್ಯಾಟರಿ 40 ಯೂನಿಟ್, ಜನ ಮತ್ತು ಸಾಮಾನು ಸೇರಿ ತೂಕ 1,700 ಕಿಲೋ. 40 ಯೂನಿಟ್ ಎಂದರೆ ಶೇಕಡಾ ಒಂದಕ್ಕೆ 0.4 ಯೂನಿಟ್. ನಿಮ್ಮ ಕಾರು ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ವೇಗಕ್ಕೆ ತೆರಬೇಕಾದ ಬೆಲೆ

ಓಡುವ ಕಾರು ಮುಖ್ಯವಾಗಿ ಎರಡು ತಡೆಗಳನ್ನು ಎದುರಿಸುತ್ತದೆ. ಟಯರು ನೆಲದ ಮೇಲೆ ಉರುಳುವಾಗಿನ ತಡೆ ನಿಧಾನಕ್ಕೂ ವೇಗಕ್ಕೂ ಹೆಚ್ಚುಕಡಿಮೆ ಒಂದೇ. ಗಾಳಿಯ ತಡೆ ಹಾಗಲ್ಲ. ವೇಗ ಇಮ್ಮಡಿಯಾದರೆ ಅದು ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಟಯರಿನ ತಡೆಯೇ ದೊಡ್ಡದು; 100ರಲ್ಲಿ ಗಾಳಿಯ ತಡೆ ಅದರ ಎರಡು ಪಟ್ಟಿಗೂ ಹೆಚ್ಚು. ಪೆಟ್ರೋಲ್ ಕಾರಿಗೂ ಇದೇ ನಿಯಮ, ಆದರೆ ಅಲ್ಲಿ ಎಂಜಿನ್ ಪೇಟೆಯಲ್ಲೇ ಬೇಕಾದಷ್ಟು ಇಂಧನ ಪೋಲು ಮಾಡುವುದರಿಂದ ಹೆದ್ದಾರಿಯ ನಷ್ಟ ಎದ್ದು ಕಾಣುವುದಿಲ್ಲ. ಎಲೆಕ್ಟ್ರಿಕ್ ಕಾರು ಪೇಟೆಯಲ್ಲಿ ಬಹಳ ಮಿತವ್ಯಯಿ. ಹಾಗಾಗಿ ಹೆದ್ದಾರಿಗೆ ಏರಿದ ಕೂಡಲೇ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ನಮ್ಮ ಮಾದರಿ ಕಾರಿಗೆ, ಸಮತಟ್ಟಾದ ರಸ್ತೆಯಲ್ಲಿ, ಎ.ಸಿ. ಹಾಕಿಕೊಂಡು ಲೆಕ್ಕ ಮಾಡಿದರೆ ನೂರು ಕಿ.ಮೀ.ಗೆ ಬೇಕಾಗುವ ಯೂನಿಟ್ ಹೀಗಿದೆ: ಗಂಟೆಗೆ 60 ಕಿ.ಮೀ. ವೇಗದಲ್ಲಿ 11, 80ರಲ್ಲಿ 14, 100ರಲ್ಲಿ 17.5, 120ರಲ್ಲಿ 22.5. ಇದನ್ನೇ ರೇಂಜಿಗೆ ತಿರುಗಿಸಿದರೆ ಪೂರ್ತಿ ಬ್ಯಾಟರಿಗೆ ಕ್ರಮವಾಗಿ 360, 285, 230 ಮತ್ತು 180 ಕಿ.ಮೀ. ಸುಮಾರಿಗೆ ಬರುತ್ತದೆ. 80ರಿಂದ 100ಕ್ಕೆ ಹೋದಾಗ ವೇಗ ಹೆಚ್ಚಿದ್ದು ಕಾಲು ಪಾಲು, ರೇಂಜ್ ಕಳೆದುಕೊಂಡದ್ದು ಐದರಲ್ಲಿ ಒಂದು ಪಾಲು.

ಎ.ಸಿ.ಯ ಬಗ್ಗೆ ಅನಗತ್ಯ ಭಯವಿದೆ. ಅದು ತಿನ್ನುವುದು ಗಂಟೆಗೆ ಸುಮಾರು ಒಂದು ಯೂನಿಟ್. ಹೆದ್ದಾರಿಯಲ್ಲಿ ಒಂದು ಗಂಟೆಗೆ ನೂರು ಕಿ.ಮೀ. ಸಾಗುವುದರಿಂದ ಅದರ ಪಾಲು ಅತ್ಯಲ್ಪ. ಬೆವರು ಸುರಿಸುತ್ತ ಗಾಜು ಇಳಿಸಿ 100ರಲ್ಲಿ ಓಡಿಸುವುದರಿಂದ ಏನೂ ಉಳಿಯುವುದಿಲ್ಲ. ಉಳಿಸಲೇಬೇಕೆಂದಿದ್ದರೆ ವೇಗವನ್ನು 90ಕ್ಕೆ ಇಳಿಸಿ. ಮಾಡಿನ ಮೇಲಿನ ಕ್ಯಾರಿಯರ್ ಮಾತ್ರ ನಿಜವಾದ ಕಳ್ಳ. ಗಾಳಿಯ ತಡೆಯನ್ನು ನೇರವಾಗಿ ಹೆಚ್ಚಿಸುವ ಅದನ್ನು ಬೇಡದಿದ್ದಾಗ ಬಿಚ್ಚಿಡಿ. ಟಯರಿನ ಗಾಳಿಯನ್ನು ಬಾಗಿಲಿನ ಬಳಿಯ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಹೇಳಿರುವಷ್ಟು, ಬೆಳಗ್ಗೆ ಟಯರು ತಣ್ಣಗಿದ್ದಾಗ ತುಂಬಿಸಿ.

ನಿಮ್ಮ ಕಾರಿನ ಅಂಕಿಯನ್ನು ನೀವೇ ಅಳೆಯಿರಿ

ಮೇಲಿನ ಅಂಕಿಗಳನ್ನು ಕುರುಡಾಗಿ ನಂಬಬೇಕಿಲ್ಲ. ನಮ್ಮ ಮನೆಬಾಗಿಲಲ್ಲೇ ತಲಪಾಡಿ–ಚೆಂಗಳ ನಡುವಿನ ಆರು ಪಥದ ಹೆದ್ದಾರಿ ಇದೆ, ಅಳೆಯಲು ಹೇಳಿ ಮಾಡಿಸಿದ ಜಾಗ. ವಾಹನ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಹೋಗಿ. ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಕ್ರೂಸ್ ಕಂಟ್ರೋಲ್ ಇದ್ದರೆ ಅದರಲ್ಲಿ 80ಕ್ಕೆ ಕಟ್ಟಿ ಸುಮಾರು 30 ಕಿ.ಮೀ. ಹೋಗಿ, ತಿರುಗಿಸಿಕೊಂಡು ಅಷ್ಟೇ ದೂರ ಅದೇ ವೇಗದಲ್ಲಿ ಬನ್ನಿ. ಹೋಗಿ ಬರುವುದು ಮುಖ್ಯ. ಒಂದು ಕಡೆಯ ಗಾಳಿ, ಏರಿಳಿತ ಇನ್ನೊಂದು ಕಡೆಗೆ ಬಹುಮಟ್ಟಿಗೆ ಸರಿಹೋಗುತ್ತದೆ. ಕೊನೆಗೆ ಪರದೆಯಲ್ಲಿ ಕಾಣುವ ಸರಾಸರಿಯನ್ನು ಬರೆದುಕೊಳ್ಳಿ. ವೇಗಮಿತಿಯ ಫಲಕ ಅನುಮತಿಸುವ ಕಡೆ ಇದನ್ನೇ 100ರಲ್ಲಿ ಮಾಡಿ.

ಕೆಲವು ಕಾರುಗಳು Wh/km ಎಂದು ತೋರಿಸುತ್ತವೆ. 140 Wh/km ಎಂದರೆ ನೂರು ಕಿ.ಮೀ.ಗೆ 14 ಯೂನಿಟ್. ಇನ್ನು ಕೆಲವು km/kWh ಎಂದು ತೋರಿಸುತ್ತವೆ. ನೂರನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಅದೇ ಉತ್ತರ ಸಿಗುತ್ತದೆ. ಪರದೆಯಲ್ಲಿ 7.1 ಎಂದಿದ್ದರೆ ಅದೂ 14 ಯೂನಿಟ್ಟೇ.

ಏರಿಕೆಗೆ ಬೇರೆ ಖಾತೆ

ಘಾಟಿಯ ಖರ್ಚನ್ನು ದೂರದ ಖರ್ಚಿನೊಂದಿಗೆ ಬೆರೆಸಬೇಡಿ. ಅದನ್ನು ಎತ್ತರದಿಂದ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸುವುದು ಸುಲಭ. 1,700 ಕಿಲೋ ತೂಕವನ್ನು 100 ಮೀಟರ್ ಮೇಲಕ್ಕೆತ್ತಲು ಬ್ಯಾಟರಿಯಿಂದ ಸುಮಾರು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ಸಂಪಾಜೆಯಿಂದ ಮಡಿಕೇರಿಗೆ 28 ಕಿ.ಮೀ. ದೂರದಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಏರುತ್ತೇವೆ. ಅಂದರೆ ಏರಿಕೆಯ ಖಾತೆಯಲ್ಲಿ ಐದೂಕಾಲು ಯೂನಿಟ್, ನಮ್ಮ ಕಾರಿನ ಬ್ಯಾಟರಿಯಲ್ಲಿ ಶೇಕಡಾ 13. ಇಳಿಯುವಾಗ ಇದರಲ್ಲಿ ಒಂದು ಪಾಲು ವಾಪಸು ಬರುತ್ತದೆ, ಅದನ್ನು ಮುಂದೆ ನೋಡೋಣ.

ಊರಿನಿಂದ ಹೊರಡುವಾಗ ಡಿಕ್ಕಿಯಲ್ಲಿ ತುರುಕುವ ತೆಂಗಿನಕಾಯಿ, ಹಲಸಿನಹಣ್ಣಿಗೆ ಹೆದರುವವರಿಗೆ ಒಂದು ಮಾತು: ನೂರು ಕಿಲೋ ಹೆಚ್ಚು ಹೊರೆಯನ್ನು ಸಂಪಾಜೆಯಿಂದ ಮಡಿಕೇರಿಗೆ ಏರಿಸಲು ಆಗುವ ಹೆಚ್ಚುವರಿ ಖರ್ಚು ಒಂದು ಯೂನಿಟ್ಟಿನ ಮೂರನೇ ಒಂದು ಪಾಲು, ಶೇಕಡಾ ಒಂದಕ್ಕಿಂತ ಕಡಿಮೆ. ಒಳಗೆ ಎಷ್ಟು ಬೇಕಾದರೂ ತುಂಬಿಸಿಕೊಳ್ಳಿ, ಮೇಲೆ ಮಾತ್ರ ಕಟ್ಟಬೇಡಿ.

ದಾರಿಯನ್ನು ತುಂಡು ಮಾಡಿ ಕೂಡಿಸುವುದು

ಈಗ ಕಾಗದ ತೆಗೆದುಕೊಳ್ಳಿ. ರಸ್ತೆಯ ಗುಣ ಬದಲಾಗುವ ಕಡೆಗಳಲ್ಲಿ ಪ್ರಯಾಣವನ್ನು ತುಂಡು ಮಾಡಬೇಕು. ಇಲ್ಲಿ ನಾಲ್ಕು ತುಂಡುಗಳು ಬರುತ್ತವೆ. ಕಾಸರಗೋಡಿನ ಮನೆಯಲ್ಲಿ ರಾತ್ರಿ ಚಾರ್ಜ್ ಹಾಕಿ, ಬೆಳಗ್ಗೆ ಶೇಕಡಾ 100ರಲ್ಲಿ ಹೊರಡುತ್ತೇವೆ.

ಸುಳ್ಯಕ್ಕೆ ಸುಮಾರು 55 ಕಿ.ಮೀ. ಬೋವಿಕಾನ, ಮುಳ್ಳೇರಿಯದ ಕಡೆ ರಸ್ತೆ ತಿರುವು ಮುರುವು, ಸಣ್ಣ ಏರಿಳಿತ ಬಹಳ. ವೇಗ ಕಡಿಮೆಯಾದರೂ ಪದೇ ಪದೇ ಬ್ರೇಕು, ಮತ್ತೆ ವೇಗ. ಹಾಗಾಗಿ ನೂರು ಕಿ.ಮೀ.ಗೆ 12 ಯೂನಿಟ್ ಹಿಡಿಯೋಣ. ಅದು 6.6, ನೂರು ಮೀಟರ್ ಏರಿಕೆಗೆ ಇನ್ನರ್ಧ ಸೇರಿಸಿ 7 ಯೂನಿಟ್. ಸುಳ್ಯದಲ್ಲಿ ಬ್ಯಾಟರಿ 82.

ಸುಳ್ಯದಿಂದ ಮಡಿಕೇರಿಗೆ 53 ಕಿ.ಮೀ. ನಿಧಾನದ ದಾರಿ, ನೂರಕ್ಕೆ 11ರಂತೆ 5.8 ಯೂನಿಟ್, ಘಾಟಿಯ 5.3 ಕೂಡಿಸಿ 11 ಚಿಲ್ಲರೆ. ಶೇಕಡಾ 28 ಹೋಯಿತು, ಮಡಿಕೇರಿಯಲ್ಲಿ 54 ಉಳಿಯಿತು.

ಹೊಸಬರ ಎದೆ ಡವಗುಟ್ಟುವುದು ಇಲ್ಲೇ. ಮಡಿಕೇರಿಯಲ್ಲಿ ಕಾಫಿ ಕುಡಿದು ಬಂದು ಪರದೆ ನೋಡಿದರೆ, ಇನ್ನು ನೂರು ಚಿಲ್ಲರೆ ಕಿ.ಮೀ. ಮಾತ್ರ ಓಡಬಹುದು ಎಂದು ಕಾರು ಹೇಳುತ್ತದೆ. ಮೈಸೂರು 120 ಕಿ.ಮೀ. ದೂರದಲ್ಲಿದೆ. "ಭಾವ, ಕುಶಾಲನಗರ ದಾಟಿದರೆ ದಾರಿಯಲ್ಲೇ ನಿಲ್ಲುತ್ತೇವೋ ಏನೋ" ಎಂದು ಪಕ್ಕದಲ್ಲಿ ಕುಳಿತವರು ಹೇಳದೇ ಇರುವುದಿಲ್ಲ. ಕಾರು ಸುಳ್ಳು ಹೇಳುತ್ತಿಲ್ಲ, ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುತ್ತಿದೆ ಅಷ್ಟೇ. ಘಾಟಿಯಲ್ಲಿ ನೂರಕ್ಕೆ 21 ಯೂನಿಟ್ ತಿಂದದ್ದನ್ನು ನೆನಪಿಟ್ಟುಕೊಂಡು, ಮುಂದೆಯೂ ಹಾಗೆಯೇ ಎಂದು ತಿಳಿದು ಉಳಿದ ಯೂನಿಟ್ಟನ್ನು ಭಾಗಿಸಿದೆ. ಹೆಚ್ಚಿನ ಕಾರುಗಳ ಪರದೆಗೆ ಮುಂದೆ ಇಳಿಜಾರಿದೆ ಎಂಬುದು ಗೊತ್ತಿಲ್ಲ. ಆದ್ದರಿಂದ ಪ್ರಯಾಣದುದ್ದಕ್ಕೂ ಕಿ.ಮೀ. ಅಂಕಿಯನ್ನು ನೋಡದೆ ಶೇಕಡಾವಾರನ್ನಷ್ಟೇ ನೋಡಿ. ಕಾಗದದಲ್ಲಿ ಬರೆದಿಟ್ಟ ಶೇಕಡಾವಾರಿಗೆ ಹೋಲಿಸಿ. ಮಡಿಕೇರಿಯಲ್ಲಿ 54 ಎಂದು ಬರೆದಿದ್ದು 52 ಬಂದರೆ ಚಿಂತೆಯಿಲ್ಲ. 45 ಬಂದರೆ ಎಲ್ಲೋ ಏನೋ ಸರಿಯಿಲ್ಲ, ಅಲ್ಲೇ ಯೋಜನೆ ಬದಲಿಸಿ.

ಮಡಿಕೇರಿಯಿಂದ ಮೈಸೂರಿಗೆ ಸುಂಟಿಕೊಪ್ಪ, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ 120 ಕಿ.ಮೀ. ಗಂಟೆಗೆ 70–75ರ ಓಟಕ್ಕೆ ನೂರಕ್ಕೆ 13ರಂತೆ 15.6 ಯೂನಿಟ್. ಮೈಸೂರು ಮಡಿಕೇರಿಗಿಂತ ಮುನ್ನೂರೈವತ್ತು ಮೀಟರಿನಷ್ಟು ಕೆಳಗಿರುವುದರಿಂದ ಸುಮಾರು ಒಂದು ಯೂನಿಟ್ ಉಳಿತಾಯ. ನಿವ್ವಳ 14.6, ಶೇಕಡಾ 37. ಮೈಸೂರು ತಲುಪುವಾಗ 17 ಉಳಿಯುತ್ತದೆ.

17 ಸಾಕೇ? ನನ್ನ ನಿಯಮ ಇಷ್ಟು: ಆರಿಸಿದ ಚಾರ್ಜರಿನ ಬಳಿ ಹೋದಾಗ ಅದು ಕೆಟ್ಟಿದ್ದರೆ, ಇನ್ನೊಂದು ಚಾರ್ಜರಿಗೆ ಹೋಗುವಷ್ಟು ಬ್ಯಾಟರಿಯಲ್ಲಿ ಉಳಿದಿರಬೇಕು. ಮೈಸೂರಿನಂಥ ನಗರದಲ್ಲಿ ಎರಡನೆಯದು ಕೆಲವೇ ಕಿ.ಮೀ. ದೂರದಲ್ಲಿ ಸಿಗುವುದರಿಂದ 15 ಸಾಕು. ಮುಂದಿನದು 40 ಕಿ.ಮೀ. ಆಚೆ ಇರುವ ಕಡೆಯಾದರೆ 15 ಸಾಲದು, 25 ಬೇಕು. ಎಲ್ಲ ಕಡೆಗೂ ಒಂದೇ ಶೇಕಡಾವಾರು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಾದರೆ ಮೈಸೂರನ್ನು 17ರಲ್ಲಿ ತಲುಪುವ ಯೋಜನೆಯನ್ನೇ ಬಿಟ್ಟು, ಮಡಿಕೇರಿ ಅಥವಾ ಕುಶಾಲನಗರದಲ್ಲಿ ತಿಂಡಿಯ ಹೊತ್ತಿಗೆ ಇಪ್ಪತ್ತು ನಿಮಿಷ ಚಾರ್ಜ್ ಹಾಕಿಕೊಳ್ಳಿ.

ಕೊನೆಯ ತುಂಡು ಮೈಸೂರು–ಬೆಂಗಳೂರು, 145 ಕಿ.ಮೀ. ಇದರಲ್ಲಿ 118 ಕಿ.ಮೀ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿ. ಅಲ್ಲಿ ಕಾರಿಗೆ ವೇಗಮಿತಿ 100. ಅದೇ ವೇಗದಲ್ಲಿ ಓಡಿದರೆ 20.7 ಯೂನಿಟ್. ಎರಡೂ ನಗರಗಳೊಳಗಿನ 27 ಕಿ.ಮೀ.ಗೆ 3.2. ಬೆಂಗಳೂರು ಮೈಸೂರಿಗಿಂತ ನೂರೈವತ್ತು ಮೀಟರ್ ಎತ್ತರದಲ್ಲಿರುವುದರಿಂದ ಇನ್ನೊಂದು 0.8. ಒಟ್ಟು 24.7 ಯೂನಿಟ್, ಶೇಕಡಾ 62. ತಲುಪುವಾಗ 15ಕ್ಕಿಂತ ಹೆಚ್ಚು ಉಳಿಯಬೇಕೆಂದರೆ ಮೈಸೂರನ್ನು 80ರಲ್ಲಿ ಬಿಡಬೇಕು. 17ರಿಂದ 80ಕ್ಕೆ 25 ಯೂನಿಟ್. ಒಂದೇ ನಿಲುಗಡೆ, ಅದೂ ಊಟದ ಹೊತ್ತಿಗೆ.

80ಕ್ಕೇ ಏಕೆ ನಿಲ್ಲಿಸುವುದು? ಬ್ಯಾಟರಿ ತುಂಬುತ್ತ ಬಂದಂತೆ ಕಾರು ತಾನೇ ವಿದ್ಯುತ್ತಿನ ಹರಿವನ್ನು ತಗ್ಗಿಸುತ್ತದೆ. 80ರಿಂದ 100ಕ್ಕೆ ಹೋಗಲು ಹಿಡಿಯುವ ಸಮಯದಲ್ಲಿ ಎಷ್ಟೋ ಸಲ ಇನ್ನೊಂದು ಕಾರು 20ರಿಂದ 70ಕ್ಕೆ ತುಂಬಿಸಿಕೊಂಡು ಹೋಗಿರುತ್ತದೆ. ಕಾದು ನಿಂತವರ ಮುಖ ನೋಡಿಯಾದರೂ ಕಾರಿಗೆ ಸಿಕ್ಕಿಸಿದ ಚಾರ್ಜರಿನ ಗನ್ ಕಳಚಿ.

100ರಲ್ಲಿ ಹೋಗಬೇಕೇ, 80ರಲ್ಲಿ ಹೋಗಬೇಕೇ

ನಿಧಾನವೇ ಲೇಸು ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಯಾವಾಗಲೂ ಹಾಗಲ್ಲ. ಹೆದ್ದಾರಿಯ 118 ಕಿ.ಮೀ. ದಾಟಲು 100ರಲ್ಲಿ 71 ನಿಮಿಷ, 80ರಲ್ಲಿ 88 ನಿಮಿಷಕ್ಕೂ ತುಸು ಹೆಚ್ಚು. ವ್ಯತ್ಯಾಸ ಸುಮಾರು 18 ನಿಮಿಷ. 80ರಲ್ಲಿ ಹೋದರೆ ಉಳಿಯುವುದು ನಾಲ್ಕು ಯೂನಿಟ್ ಚಿಲ್ಲರೆ, ಶೇಕಡಾ 10. ಆ ನಾಲ್ಕು ಯೂನಿಟ್ಟನ್ನು 30 ಕಿಲೋವ್ಯಾಟ್, ಅಂದರೆ ಗಂಟೆಗೆ 30 ಯೂನಿಟ್ ಕೊಡುವ ಚಾರ್ಜರಿನಲ್ಲಿ ತುಂಬಿಸಲು ಬೇಕಾದದ್ದು ಎಂಟೊಂಬತ್ತು ನಿಮಿಷ. ಅಂದರೆ ಹೇಗಿದ್ದರೂ ಮೈಸೂರಿನಲ್ಲಿ ನಿಲ್ಲಬೇಕಾಗಿರುವಾಗ, ಎಂಟು ನಿಮಿಷ ಹೆಚ್ಚು ಕಾದು 100ರಲ್ಲಿ ಹೋಗುವವರೇ ಬೇಗ ತಲುಪುತ್ತಾರೆ.

ಲೆಕ್ಕ ತಿರುಗುಮುರುಗಾಗುವುದು ವೇಗದಿಂದಾಗಿ ಹೊಸದೊಂದು ನಿಲುಗಡೆ ಹುಟ್ಟಿಕೊಂಡಾಗ. ಹೆದ್ದಾರಿಯಿಂದ ಇಳಿದು, ಚಾರ್ಜರ್ ಹುಡುಕಿ, ಆ್ಯಪ್ ತೆರೆದು, ಚಾರ್ಜ್ ಶುರುವಾಗಿ, ಮತ್ತೆ ಹೆದ್ದಾರಿಗೆ ಏರುವಷ್ಟರಲ್ಲಿ ಒಂದು ಯೂನಿಟ್ ತುಂಬುವ ಮೊದಲೇ ಹದಿನೈದು ನಿಮಿಷ ಹೋಗಿರುತ್ತದೆ. ಮಂಡ್ಯದ ಹತ್ತಿರ ಬ್ಯಾಟರಿ ಬರೆದಿಟ್ಟದ್ದಕ್ಕಿಂತ ಕೆಳಗಿದೆ ಎಂದು ಕಂಡರೆ ಆಗ 80ಕ್ಕೆ ಇಳಿಯಿರಿ. ಎಡ ಪಥದಲ್ಲಿ ಸಾಗಿದರೆ ಆ ಹತ್ತು ಶೇಕಡಾದಲ್ಲಿ ಬಹುಪಾಲು ಅಲ್ಲೇ ಉಳಿಯುತ್ತದೆ. ವೇಗ ತಗ್ಗಿಸುವುದು ನಿಮ್ಮ ಕೈಯಲ್ಲಿರುವ ಮೀಸಲು ಇಂಧನ. ಅದನ್ನು ಮೊದಲೇ ಖರ್ಚು ಮಾಡುವ ಯೋಜನೆ ಹಾಕಬೇಡಿ: ಕಾಗದದ ಲೆಕ್ಕ 100ಕ್ಕೆ ಇರಲಿ, ಅಗತ್ಯ ಬಿದ್ದಾಗ 80ರಲ್ಲಿ ಓಡಿಸಿ. 120ರ ಲೆಕ್ಕ ಬೇಕಿದ್ದವರಿಗೆ: ಆರು ಯೂನಿಟ್ ಹೆಚ್ಚು, ಬೆಂಗಳೂರು ತಲುಪುವಾಗ ಉಳಿಯುವುದು ಶೇಕಡಾ ಮೂರು, ಜೊತೆಗೆ ಕ್ಯಾಮೆರಾ ಕಳಿಸುವ ದಂಡದ ಚೀಟಿ.

ಚಾರ್ಜರ್ ಆರಿಸುವಾಗ

ಹಿಂದಿನ ದಿನವೇ ಪ್ಲಗ್‌ಶೇರ್‌ನಂಥ ಆ್ಯಪಿನಲ್ಲಿ ಮೈಸೂರಿನ ಎರಡು ಕೇಂದ್ರಗಳನ್ನು, ನಡುದಾರಿಯ ಒಂದನ್ನು ಗುರುತಿಸಿಕೊಳ್ಳಿ. ನಕ್ಷೆಯಲ್ಲಿ ಹಸಿರು ಬಣ್ಣ ಕಂಡರೆ ಸಾಲದು. ಇತ್ತೀಚೆಗೆ ಅಲ್ಲಿ ಯಾರಾದರೂ ಚಾರ್ಜ್ ಮಾಡಿ ಬರೆದಿದ್ದಾರೆಯೇ ನೋಡಿ. ಒಂದು ವಾರದೊಳಗಿನ ಒಳ್ಳೆಯ ವರದಿ ಇದ್ದರೆ ನಂಬಬಹುದು. ನಂಬರಿದ್ದರೆ ಫೋನ್ ಮಾಡಿ ಕೇಳಿ. ಆಯಾ ಸಂಸ್ಥೆಯ ಆ್ಯಪಿನ ವಾಲೆಟ್ಟಿಗೆ ಮನೆಯಲ್ಲೇ ಹಣ ಹಾಕಿಡಿ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ನಿಂತು ಒಟಿಪಿಗಾಗಿ ಕಾಯುವುದು ಬೇಡ.

ಫಲಕದಲ್ಲಿ 60 ಕಿಲೋವ್ಯಾಟ್ ಎಂದಿದ್ದರೆ ನಿಮಗೆ 60 ಸಿಗುತ್ತದೆ ಎಂದಲ್ಲ. ಎರಡು ಗನ್ ಇರುವ ಅನೇಕ ಯಂತ್ರಗಳಲ್ಲಿ, ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದ ಕೂಡಲೇ ಶಕ್ತಿ 30–30 ಎಂದು ಹಂಚಿಹೋಗುತ್ತದೆ. ಚಾರ್ಜರ್ ಎಷ್ಟು ದೊಡ್ಡದಿದ್ದರೂ ನಿಮ್ಮ ಕಾರು ತನ್ನ ಮಿತಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ನಮ್ಮ 25 ಯೂನಿಟ್ಟಿಗೆ ಒಂಟಿಯಾಗಿ ಸಿಕ್ಕ 60ರ ಯಂತ್ರದಲ್ಲಿ ಮೂವತ್ತೈದು ನಲವತ್ತು ನಿಮಿಷ, ಹಂಚಿಕೊಂಡರೆ ಹತ್ತಿರ ಹತ್ತಿರ ಒಂದು ಗಂಟೆ. ಊಟಕ್ಕೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂಬುದು ಇದರಿಂದಲೇ ತೀರ್ಮಾನವಾಗಲಿ. ಬಿಲ್ಲಿನಲ್ಲಿ 25ರ ಬದಲು 26–27 ಯೂನಿಟ್ ಕಂಡರೆ ಜಗಳ ತೆಗೆಯಬೇಡಿ, ಚಾರ್ಜಿಂಗಿನಲ್ಲಿ ಶಾಖವಾಗಿ, ಬ್ಯಾಟರಿ ತಂಪು ಮಾಡಲು ಅಷ್ಟು ಹೋಗುತ್ತದೆ.

ಮೈಸೂರು–ಬೆಂಗಳೂರು ಹೆದ್ದಾರಿಗೆ ವಿಶೇಷವಾದ ಒಂದು ತೊಡಕಿದೆ. ನಡುವಿನ ಆರು ಪಥಗಳಿಗೆ ಬೇಲಿ ಹಾಕಿದ್ದಾರೆ, ಏರಿಳಿಯಲು ಕೆಲವೇ ಕಡೆ ಅವಕಾಶ. ಹೋಟೆಲುಗಳೂ ಅವುಗಳ ಅಂಗಳದ ಚಾರ್ಜರುಗಳೂ ಸರ್ವಿಸ್ ರಸ್ತೆಯಲ್ಲಿ ಅಥವಾ ಊರೊಳಗಿನ ಹಳೆಯ ರಸ್ತೆಯಲ್ಲಿವೆ. ನಕ್ಷೆಯಲ್ಲಿ ಚಾರ್ಜರ್ 50 ಮೀಟರ್ ದೂರದಲ್ಲಿ ಕಾಣುತ್ತದೆ, ಬೇಲಿಯಾಚೆ ಅದರ ಫಲಕವೂ ಕಾಣುತ್ತದೆ, ಆದರೆ ತಲುಪಲು ಹಲವು ಕಿ.ಮೀ. ಹಿಂದೆಯೇ ಇಳಿದಿರಬೇಕಿತ್ತು. ಮದ್ದೂರಿನಲ್ಲೋ ಚನ್ನಪಟ್ಟಣದಲ್ಲೋ ನಿಲ್ಲುವ ಯೋಚನೆಯಿದ್ದರೆ ಯಾವ ನಿರ್ಗಮನದಲ್ಲಿ ಇಳಿಯಬೇಕೆಂದು ಮೊದಲೇ ನೋಡಿಕೊಳ್ಳಿ; ಅದು ನೀವು ಹೋಗುತ್ತಿರುವ ದಿಕ್ಕಿನ ಬದಿಯಲ್ಲಿದೆಯೇ ಎಂಬುದನ್ನೂ.

ಚಾರ್ಜ್ ಶುರುವಾಗದಿದ್ದರೆ ಮೊದಲು ನೋಡಬೇಕಾದದ್ದು ಯಂತ್ರದ ಮೇಲಿನ ಕೆಂಪು ತುರ್ತು ಗುಂಡಿ. ಯಾರೋ ಒತ್ತಿಟ್ಟು ಹೋಗಿದ್ದರೆ ಅದನ್ನು ತಿರುಗಿಸಿ ಬಿಡಿಸಬೇಕಾಗುತ್ತದೆ. ಪರದೆ "Initializing" ಎಂಬಲ್ಲೇ ನಿಂತು ಆಮೇಲೆ ದೋಷ ತೋರಿಸಿದರೆ, ಬಹಳ ಸಲ ಕಾರಣ ಗನ್ನಿನ ಭಾರ. ದಪ್ಪ ಕೇಬಲು ಗನ್ನನ್ನು ಕೆಳಗೆ ಜಗ್ಗುವುದರಿಂದ ಒಳಗಿನ ಪಿನ್ನುಗಳು ಸರಿಯಾಗಿ ಕೂರುವುದಿಲ್ಲ. ಗನ್ ತೆಗೆದು, ಒಂದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ, ಬೀಗ ಬೀಳುವ ಸದ್ದು ಕೇಳುವವರೆಗೆ ಕೈಯಿಂದ ಕೇಬಲನ್ನು ಮೇಲಕ್ಕೆತ್ತಿ ಹಿಡಿಯಿರಿ. ಎರಡು ಸಲ ಹೀಗೆ ಮಾಡಿಯೂ ಆಗದಿದ್ದರೆ ಇನ್ನೊಂದು ಗನ್, ಅದೂ ಆಗದಿದ್ದರೆ ಎರಡನೆಯ ಕೇಂದ್ರ. ಸಹಾಯವಾಣಿಯವರೊಂದಿಗೆ ಅರ್ಧ ಗಂಟೆ ವಾದಿಸುವುದಕ್ಕಿಂತ ಇದು ವೇಗ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹೆದ್ದಾರಿಯಿಂದ ನೇರ ಬಂದು ಸಿಕ್ಕಿಸಿದಾಗ ಹರಿವು ಕಡಿಮೆಯಿದ್ದರೆ ಯಂತ್ರವನ್ನು ಬಯ್ಯಬೇಡಿ. ಬಿಸಿಯಾದ ಬ್ಯಾಟರಿಯನ್ನು ಕಾಪಾಡಲು ಕಾರೇ ತಗ್ಗಿಸಿರುವ ಸಾಧ್ಯತೆ ಹೆಚ್ಚು. ನೆರಳಿನಲ್ಲಿರುವ ಗನ್ ಆರಿಸಿಕೊಳ್ಳಿ.

ವಾಪಸು ಬರುವಾಗ ಲೆಕ್ಕ ಅದೇ ಅಲ್ಲ

ಹೋಗುವಾಗಿನ ಕಾಗದವನ್ನೇ ತಿರುಗಿಸಿ ಓದಿದರೆ ತಪ್ಪುತ್ತದೆ. ಮೈಸೂರಿನಿಂದ ಮಡಿಕೇರಿಗೆ ಈಗ ಏರು: 15.6ರ ಮೇಲೆ ಏರಿಕೆಗೆ ಎರಡು ಯೂನಿಟ್, ಒಟ್ಟು ಶೇಕಡಾ 45 ಸುಮಾರು. ಅಲ್ಲಿಂದ ಸಂಪಾಜೆಗೆ ಇಳಿಯುವಾಗ ಮೋಟಾರು ಜನರೇಟರಿನಂತೆ ಕೆಲಸ ಮಾಡಿ ಬ್ಯಾಟರಿಗೆ ತುಂಬಿಸುತ್ತದೆ. ಇಳಿಜಾರಿನ ಶಕ್ತಿಯಲ್ಲಿ ಒಂದಷ್ಟು ಕಾರನ್ನು ಓಡಿಸುವುದಕ್ಕೇ ಖರ್ಚಾಗಿ, ಮಿಕ್ಕಿದ್ದರಲ್ಲಿ ಸುಮಾರು ಎರಡು ಯೂನಿಟ್ ಖಾತೆಗೆ ಜಮೆಯಾಗುತ್ತದೆ: ಮಡಿಕೇರಿಯಲ್ಲಿ 35 ಇದ್ದದ್ದು ಸಂಪಾಜೆಯಲ್ಲಿ 40. ಆಮೇಲೆ ಮನೆಗೆ 80 ಕಿ.ಮೀ.ಗೆ ಶೇಕಡಾ 23. ಮೈಸೂರನ್ನು 80ರಲ್ಲಿ ಬಿಟ್ಟರೆ ಕಾಸರಗೋಡಿನ ಮನೆಗೆ 17ರಲ್ಲಿ ತಲುಪುತ್ತೇವೆ.

ಮಡಿಕೇರಿಯ ಲಾಡ್ಜಿನಲ್ಲಿ ತಂಗಿ ರಾತ್ರಿಯಿಡೀ ಚಾರ್ಜ್ ಹಾಕಿದವರು ಶೇಕಡಾ 85ರ ಸುಮಾರಿಗೆ ನಿಲ್ಲಿಸಲಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ವಿದ್ಯುತ್ತನ್ನು ಹಾಕಿಕೊಳ್ಳಲು ಜಾಗವಿರುವುದಿಲ್ಲ, ಆಗ ಕಾರು ಮೋಟಾರಿನ ಹಿಡಿತವನ್ನು ಬಿಡುತ್ತದೆ. ದಿನವೂ ಪೆಡಲು ಬಿಟ್ಟ ಕೂಡಲೇ ನಿಧಾನವಾಗುತ್ತಿದ್ದ ಕಾರು ಸಂಪಾಜೆಯ ಮೊದಲ ತಿರುವಿನಲ್ಲೇ ಜಾರುತ್ತ ಹೋದರೆ ಚಾಲಕ ಗಾಬರಿಯಾಗುವುದು ಸಹಜ. ಇಡೀ ಘಾಟಿಯನ್ನು ಬ್ರೇಕಿನಲ್ಲೇ ಇಳಿಯಬೇಕಾಗುತ್ತದೆ. ಯೂನಿಟ್ ನಷ್ಟಕ್ಕಿಂತ ಅದು ದೊಡ್ಡ ತೊಂದರೆ.

ಇನ್ನೊಂದು ವ್ಯತ್ಯಾಸ ಗಾಳಿಯದು. ಜೂನಿನಿಂದ ಆಗಸ್ಟಿನವರೆಗೆ ನಮ್ಮ ಕಡೆಯಿಂದ ಒಳನಾಡಿಗೆ ಬೀಸುವ ಆಷಾಢದ ಗಾಳಿ ಬೆಂಗಳೂರಿಗೆ ಹೋಗುವಾಗ ಬೆನ್ನಿಗೆ ಬೀಸುತ್ತದೆ, ಬರುವಾಗ ಮುಖಕ್ಕೆ. ಕಾರಿಗೆ ಲೆಕ್ಕಕ್ಕೆ ಬರುವುದು ಗಾಳಿಗೆ ಹೋಲಿಸಿದ ವೇಗ. ಗಂಟೆಗೆ 15 ಕಿ.ಮೀ. ಎದುರುಗಾಳಿಯಲ್ಲಿ 100ರಲ್ಲಿ ಓಡಿದರೆ ಗಾಳಿಯ ತಡೆ 115ರದ್ದು. ನೂರಕ್ಕೆ 17.5ರ ಬದಲು 21ಕ್ಕೂ ಹೆಚ್ಚು ಯೂನಿಟ್, ಐದನೇ ಒಂದು ಪಾಲು ಜಾಸ್ತಿ. ಜೊತೆಗೆ ರಸ್ತೆಯ ಮೇಲೆ ನೀರಿದ್ದರೆ ಟಯರು ಅದನ್ನು ಸೀಳಿಕೊಂಡು ಹೋಗಲೂ ಶಕ್ತಿ ಬೇಕು. ಹೋಗುವಾಗ ಸಲೀಸಾಗಿ ಮುಟ್ಟಿದೆವು ಎಂಬ ಧೈರ್ಯದಲ್ಲಿ ಜುಲೈಯಲ್ಲಿ ಅದೇ ಶೇಕಡಾವಾರು ಹಿಡಿದು ಬೆಂಗಳೂರು ಬಿಟ್ಟವರು ಶ್ರೀರಂಗಪಟ್ಟಣದ ಹೊತ್ತಿಗೆ ಎ.ಸಿ. ಆರಿಸುವುದು ಇದೇ ಕಾರಣಕ್ಕೆ. ಆ ತಿಂಗಳುಗಳಲ್ಲಿ ವಾಪಸು ಪ್ರಯಾಣದ ಹೆದ್ದಾರಿ ತುಂಡಿಗೆ ಐದನೇ ಒಂದು ಪಾಲು ಕೂಡಿಸಿ, ಇಲ್ಲವೇ 85ರಲ್ಲಿ ಓಡಿಸಿ.

ಮಳೆಗಾಲದಲ್ಲಿ ಘಾಟಿ ತೆರೆದಿದೆಯೇ ಎಂಬುದನ್ನು ಮೈಸೂರು ಬಿಡುವ ಮೊದಲೇ ವಿಚಾರಿಸಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಈ ರಸ್ತೆ ಮುಚ್ಚಿಹೋಗಿತ್ತು. ಮಡಿಕೇರಿಗೆ ಬಂದು 35 ಶೇಕಡಾದಲ್ಲಿ ದಾರಿ ಬಂದ್ ಎಂದು ಗೊತ್ತಾದರೆ ಬಳಸು ದಾರಿಗೆ ಅದು ಸಾಲದು. ಮಳೆ ಜೋರಾಗಿರುವ ದಿನಗಳಲ್ಲಿ ಕುಶಾಲನಗರದಲ್ಲೇ ತುಂಬಿಸಿಕೊಳ್ಳುವುದು ಇದಕ್ಕಾಗಿಯೂ.

ನೆಂಟರ ಮನೆಯ ಪ್ಲಗ್ಗು

ಡಿಕ್ಕಿಯಲ್ಲಿ ಕಾರಿನೊಂದಿಗೆ ಬಂದ ಪೋರ್ಟಬಲ್ ಚಾರ್ಜರ್ ಇರಲಿ. ಸುಳ್ಯದಲ್ಲೋ ಮೈಸೂರಿನಲ್ಲೋ ರಾತ್ರಿ ತಂಗುವುದಿದ್ದರೆ 15 ಆಂಪಿಯರಿನ ಪ್ಲಗ್ಗಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಎಳೆಯುತ್ತದೆ. ನಷ್ಟ ಕಳೆದು ಎಂಟು ಗಂಟೆಯಲ್ಲಿ ನಮ್ಮ ಬ್ಯಾಟರಿಯ ಅರ್ಧ ತುಂಬಿರುತ್ತದೆ. ಸಿಕ್ಕಿಸಿದಾಗ ಕೆಂಪು ದೀಪ ಹತ್ತಿ ಚಾರ್ಜ್ ಶುರುವಾಗದಿದ್ದರೆ ಹೆಚ್ಚಾಗಿ ಅರ್ತಿಂಗ್ ಸರಿಯಿಲ್ಲವೆಂದು ಅರ್ಥ. ಮುರಕಲ್ಲಿನ ನಮ್ಮ ನೆಲ ಬೇಸಗೆಯಲ್ಲಿ ಒಣಗಿ ಬಿಟ್ಟರೆ, ಮಳೆಗಾಲದಲ್ಲಿ ಸರಿಯಿದ್ದ ಅರ್ತಿಂಗೇ ಏಪ್ರಿಲಿನಲ್ಲಿ ಕೈಕೊಡುತ್ತದೆ. ಅರ್ತಿಂಗ್ ಗುಂಡಿಗೆ ಸಂಜೆ ಒಂದೆರಡು ಬಕೆಟ್ ನೀರು ಹೊಯ್ದು ಅರ್ಧ ಗಂಟೆ ಬಿಟ್ಟು ನೋಡಿ. ಆಗಲೂ ಕೆಂಪು ದೀಪವೇ ಬಂದರೆ ಅಲ್ಲಿಗೆ ಬಿಡಿ. ಅರ್ತಿಂಗಿನ ಪಿನ್ನನ್ನು ತಪ್ಪಿಸುವ ಅಡಾಪ್ಟರ್ ಹಾಕಿ ಚಾರ್ಜ್ ಮಾಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಕಾರಿನ ಮೈಗೆ ವಿದ್ಯುತ್ ಸೋರಿದಾಗ ಮುಟ್ಟಿದವರನ್ನು ಕಾಪಾಡುವುದು ಆ ಒಂದು ತಂತಿಯೇ. ಎಕ್ಸ್‌ಟೆನ್ಶನ್ ಬಾಕ್ಸ್ ಕೂಡ ಬೇಡ. ಶುರುವಾಗಿ ಅರ್ಧ ಗಂಟೆಯ ಮೇಲೆ ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಕೂಡಲೇ ಸ್ವಿಚ್ ಆರಿಸಿ, ಕಾರಿನ ಪರದೆಯಲ್ಲಿ ಆಂಪಿಯರ್ ತಗ್ಗಿಸುವ ಸೌಲಭ್ಯವಿದ್ದರೆ 10ಕ್ಕೆ ಇಳಿಸಿ ಇನ್ನೊಂದು ಪ್ಲಗ್ಗಿನಲ್ಲಿ ಹಾಕಿ.